ಹೊಗಳಿದ್ದೋ, ಚುಚ್ಚಿದ್ದೋ? ಅನುವಾದಕ್ಕೆ ಮೊದಲು ವ್ಯಂಗ್ಯ ಹಿಡಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಹಕರ ರಿವ್ಯೂ, ದೂರು, ಫೀಡ್‌ಬ್ಯಾಕ್ ಇಂಥವನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಜಾಸ್ತಿ ಕೇಳುವುದು ಕಷ್ಟದ ಪದಗಳ ಬಗ್ಗೆ ಅಲ್ಲ. "ಇವರು ನಿಜವಾಗ್ಲೂ ಹೊಗಳ್ತಾ ಇದ್ದಾರಾ?" ಅಂತ ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ.

ಅನುವಾದಕ್ಕೆ ಕೂರುವ ಮೊದಲೇ ಯಾಕೆ ಹುಡುಕಬೇಕು? ಮಾಡ್ತಾ ಮಾಡ್ತಾ ಗೊತ್ತಾಗಲ್ವಾ?

ಗೊತ್ತಾಗುತ್ತದೆ, ಆದರೆ ತಡವಾಗಿ. ಕುಹಕದ ಮಾತಿನಲ್ಲಿ ಗುಟ್ಟು ಬಿಟ್ಟುಕೊಡುವ ವಾಕ್ಯ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ಅಷ್ಟು ಹೊತ್ತಿಗೆ ನೀವು ಮೊದಲಿನ ನಾಲ್ಕು ವಾಕ್ಯಗಳನ್ನು ಮರ್ಯಾದೆಯಿಂದ ಅನುವಾದ ಮಾಡಿ ಮುಗಿಸಿರುತ್ತೀರಿ. ಒಮ್ಮೆ ಬರೆದ ಮೇಲೆ ನಮ್ಮದೇ ವಾಕ್ಯದ ಮೇಲೆ ನಮಗೆ ಮೋಹ ಹುಟ್ಟುತ್ತದೆ. ಕೊನೆಯ ಸಾಲು ಬೇರೆ ಕಥೆ ಹೇಳಿದರೂ, "ಇರಲಿ, ಇದೊಂದು ಸ್ವಲ್ಪ ವಿಚಿತ್ರವಾಗಿದೆ" ಅಂತ ಅದನ್ನೇ ತಿದ್ದಿ ಸರಿಮಾಡಲು ಹೋಗುತ್ತೇವೆ. ತಿದ್ದಬೇಕಾದದ್ದು ಮೊದಲಿನ ನಾಲ್ಕನ್ನು.

ನನಗೇ ಒಮ್ಮೆ ಹೀಗಾಯ್ತು. ನೀರು ಶುದ್ಧ ಮಾಡುವ ಯಂತ್ರದ ಸರ್ವೀಸ್ ಬಗ್ಗೆ ಬಂದಿದ್ದ ಒಂದು ಫೀಡ್‌ಬ್ಯಾಕನ್ನು ನಾನು ಮೆಚ್ಚುಗೆ ಅಂದುಕೊಂಡು ಅನುವಾದಿಸಿದೆ. ಅದು ಹೋಗಿ "ಸಂತೃಪ್ತ ಗ್ರಾಹಕರು" ಅನ್ನುವ ಪಟ್ಟಿಯಲ್ಲಿ ಸೇರಿತು. ಎರಡು ವಾರ ಬಿಟ್ಟು ಅದೇ ಗ್ರಾಹಕರಿಂದ ಎರಡನೇ ಪತ್ರ ಬಂತು. ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ, ನೇರವಾಗಿ ಬೈದಿದ್ದರು. ಮೊದಲ ಪತ್ರವನ್ನು ಮುಂದೆ ಪೂರ್ತಿ ಬಿಡಿಸಿ ತೋರಿಸುತ್ತೇನೆ.

ಬರಹದಲ್ಲಿ ವ್ಯಂಗ್ಯ ಹಿಡಿಯುವುದು ನಿಜಕ್ಕೂ ಅಷ್ಟು ಕಷ್ಟವಾ?

ನಾವು ಅಂದುಕೊಂಡಿರುವುದಕ್ಕಿಂತ ಕಷ್ಟ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಇನ್ನೊಬ್ಬರಿಗೆ ತಲುಪಿಸಬೇಕಿತ್ತು. ಒಂದು ಸಲ ಇಮೇಲಿನಲ್ಲಿ, ಒಂದು ಸಲ ಧ್ವನಿಯಲ್ಲಿ. ಕಳಿಸಿದವರು ಎರಡರಲ್ಲೂ ನೂರಕ್ಕೆ ಸುಮಾರು 78ರಷ್ಟು ಸರಿಯಾಗಿ ತಲುಪುತ್ತದೆ ಅಂದುಕೊಂಡಿದ್ದರು. ದನಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ತಲುಪಿತು. ಇಮೇಲಿನಲ್ಲಿ ತಲುಪಿದ್ದು ಸುಮಾರು 56. ಕಣ್ಣುಮುಚ್ಚಿ ಊಹಿಸಿದರೂ 50 ಬರುತ್ತದೆ, ಅಲ್ವಾ?

ಬರೆದವರ ಕಿವಿಯಲ್ಲಿ ಅವರದೇ ದನಿ ಕೇಳಿಸುತ್ತಿರುತ್ತದೆ, ಓದುವವರಿಗೆ ಅದು ಕೇಳಿಸುವುದಿಲ್ಲ. ಆ ಪ್ರಯೋಗದಲ್ಲಿ ಇಬ್ಬರದೂ ಒಂದೇ ಭಾಷೆ. ನಡುವೆ ಅನುವಾದಕರು ಬಂದು ಕೂತರೆ ಇನ್ನೊಂದು ಗೋಡೆ ಎದ್ದ ಹಾಗೆ.

ನಮ್ಮ ಹಳಬರು ಇದರ ಬಗ್ಗೆ ಏನಾದರೂ ಹೇಳಿದ್ದಾರಾ?

ಹೇಳಿದ್ದಾರೆ, ಬೇಕಾದಷ್ಟು. ಅಲಂಕಾರಶಾಸ್ತ್ರದಲ್ಲಿ ದನಿಯ ಏರಿಳಿತದಿಂದ ಅರ್ಥ ಬದಲಾಗುವುದಕ್ಕೆ ಕಾಕು ಅನ್ನುತ್ತಾರೆ. ಹೇಳಿದ್ದಕ್ಕೆ ತದ್ವಿರುದ್ಧ ಅರ್ಥ ಹೊರಡುವುದು ವಿಪರೀತ ಲಕ್ಷಣೆ. ಹೊಗಳುವ ನೆಪದಲ್ಲಿ ತೆಗಳುವುದು, ತೆಗಳುವ ನೆಪದಲ್ಲಿ ಹೊಗಳುವುದು ಎರಡೂ ವ್ಯಾಜಸ್ತುತಿ. ಇವುಗಳಲ್ಲಿ ನಮ್ಮ ಕೆಲಸಕ್ಕೆ ಬರುವುದು ಕಾಕು. ಕಾಕು ಇರುವುದು ಗಂಟಲಿನಲ್ಲಿ. ಅದನ್ನು ಕಾಗದಕ್ಕೆ ಇಳಿಸುವಾಗ ಬರೆಯುವವರು ಏನಾದರೂ ಒಂದು ಗುರುತು ಬಿಡಲೇಬೇಕು. ನಾವು ಹುಡುಕುವುದು ಆ ಗುರುತನ್ನು.

ಕನ್ನಡದಲ್ಲಿ ಆ ಗುರುತು ಎಲ್ಲಿ ಕೂತಿರುತ್ತದೆ?

ದೊಡ್ಡ ಪದಗಳಲ್ಲಿ ಅಲ್ಲ. ವಾಕ್ಯದ ಬಾಲದಲ್ಲಿ, ಪ್ರತ್ಯಯದಲ್ಲಿ, ಮರ್ಯಾದೆಯ ರೂಪದಲ್ಲಿ. ಅನುವಾದದಲ್ಲಿ ಮೊದಲು ಉದುರಿ ಹೋಗುವುದೂ ಇವೇ. ನಾನು ಮುಖ್ಯವಾಗಿ ನಾಲ್ಕನ್ನು ನೋಡುತ್ತೇನೆ.

ಮೊದಲನೆಯದು "ಅಂತೆ". ಇದು ಸುಮ್ನೆ ಕೇಳಿದ ಸುದ್ದಿ ಹೇಳಲೂ ಬರುತ್ತದೆ. "ನಾಳೆ ಮಳೆ ಬರುತ್ತಂತೆ" ಅಂದರೆ ಅದರಲ್ಲಿ ಕೊಂಕಿಲ್ಲ. ಆದರೆ "ಅಂತೆ" ಇನ್ನೊಂದು ಕೆಲಸವನ್ನೂ ಮಾಡುತ್ತದೆ. "ಇದು ಅವರ ಮಾತು, ನನ್ನದಲ್ಲ" ಅಂತ ಕೈ ತೊಳೆದುಕೊಳ್ಳುತ್ತದೆ. ಡ್ಯಾನ್ ಸ್ಪರ್ಬರ್ ಮತ್ತು ಡೀರ್ಡ್ರಿ ವಿಲ್ಸನ್ ಅನ್ನುವ ಇಬ್ಬರು 1981ರಲ್ಲಿ ಒಂದು ವಾದ ಮುಂದಿಟ್ಟರು. ವ್ಯಂಗ್ಯ ಅಂದರೆ ಉಲ್ಟಾ ಅರ್ಥ ಹೇಳುವುದಲ್ಲ, ಬೇರೆಯವರ ಮಾತನ್ನು ಪ್ರತಿಧ್ವನಿಸಿ ಅದರಿಂದ ದೂರ ನಿಲ್ಲುವುದು ಅಂತ. ಇಂಗ್ಲಿಷಿನಲ್ಲಿ ಅದನ್ನು ತೋರಿಸಲು ಅವರು ಸಾಕಷ್ಟು ವಾದ ಮಾಡಬೇಕಾಯಿತು. ಕನ್ನಡದಲ್ಲಿ ಅದು ಕಣ್ಣಿಗೇ ಕಾಣುತ್ತದೆ, ಯಾಕೆಂದರೆ ಪ್ರತಿಧ್ವನಿಗೆ ಅಂತಲೇ ನಮ್ಮಲ್ಲಿ ಒಂದು ಪ್ರತ್ಯಯ ಇದೆ. ನನ್ನ ಲೆಕ್ಕ ಇಷ್ಟು: ಒಂದು "ಅಂತೆ" ಸುದ್ದಿ, ಸಾಲಾಗಿ ಎರಡು ಮೂರು ಬಂದರೆ ಅನುಮಾನ. ಪದವನ್ನೇ ಎರಡು ಸಲ ಹೇಳಿ ನಡುವೆ "ಅಂತೆ" ಬಂದರೆ, "ಕ್ವಾಲಿಟಿಯಂತೆ ಕ್ವಾಲಿಟಿ!" ಅನ್ನುವ ಹಾಗೆ, ಅದು ಹೆಚ್ಚುಕಡಿಮೆ ಯಾವಾಗಲೂ ಮೂದಲಿಕೆಯೇ.

ಎರಡನೆಯದು ಅಳತೆ ಮೀರಿದ ಮರ್ಯಾದೆ. ಹತ್ತು ಗಂಟೆಗೆ ಎದ್ದು ಬಂದ ಮಗನನ್ನು ನೋಡಿ ತಾಯಿ "ರಾಯರು ಈಗ ಎದ್ದರು" ಅನ್ನುತ್ತಾಳೆ. ಬಹುವಚನವೇ ಬೈಗುಳ. "ದಯಮಾಡಿಸಿದರು", "ಅಪ್ಪಣೆ ಕೊಡಿಸಿದರು", "ಮಹಾನುಭಾವರು" ಇವೆಲ್ಲ ಅದೇ ಜಾತಿ. ಪದ ದೊಡ್ಡದಿದೆಯಾ ಅನ್ನುವುದಕ್ಕಿಂತ, ಆ ವ್ಯಕ್ತಿಗೆ ಆ ಪದ ಸಲ್ಲುತ್ತದಾ ಅಂತ ಕೇಳಿಕೊಳ್ಳಬೇಕು. ಮಠದ ಸ್ವಾಮೀಜಿ ದಯಮಾಡಿಸಬಹುದು. ಗ್ಯಾಸ್ ಸಿಲಿಂಡರ್ ತರುವ ಹುಡುಗ ಬರುತ್ತಾನೆ, ಅಷ್ಟೇ. ಅವನು "ದಯಮಾಡಿಸಿದ" ಅಂದರೆ ಕಾದು ಕಾದು ಸಾಕಾಗಿದೆ ಅಂತ ಅರ್ಥ.

ಮೂರನೆಯದು "ಪಾಪ", "ಬಿಡಿ", "ಬೇರೆ", "ಕೇಡು" ಇಂಥ ಪುಟ್ಟ ಪದಗಳು. "ಚೆನ್ನಾಗಿ ಆಯ್ತು" ಅನ್ನುವುದು ಸಂತೋಷ. "ಚೆನ್ನಾಗೇ ಆಯ್ತು ಬಿಡಿ" ಅನ್ನುವುದು ಹಣೆ ಚಚ್ಚಿಕೊಳ್ಳುವುದು. "ಇವರಿಗೆ ಟಿಪ್ಸ್ ಬೇರೆ ಕೇಡು" ಅಂದಾಗ "ಕೇಡು" ತನ್ನ ಮೂಲ ಅರ್ಥ ಬಿಟ್ಟು ಬರೀ ಸಿಟ್ಟಾಗಿ ನಿಂತಿರುತ್ತದೆ.

ನಾಲ್ಕನೆಯದು ಉತ್ತರ ಬೇಡದ ಪ್ರಶ್ನೆ. "ನಮಗೇನು ಕೆಲಸ", "ಅವರಿಗೇನು, ಆರಾಮು", "ಇನ್ನೇನು ಬೇಕು ಹೇಳಿ". ಇವನ್ನು ಪ್ರಶ್ನೆ ಅಂತ ಅನುವಾದಿಸಿದರೆ ಓದುವವರು ಉತ್ತರ ಹುಡುಕಿಕೊಂಡು ಹೋಗುತ್ತಾರೆ.

ಈ ಪದಗಳು ಕಂಡರೆ ಸಾಕಾ? ವ್ಯಂಗ್ಯ ಅಂತ ಬರೆದುಬಿಡಬಹುದಾ?

ಬೇಡ. ಇವು ಅನುಮಾನ ಹುಟ್ಟಿಸುವುದಕ್ಕೆ ಸಾಕು, ತೀರ್ಮಾನಕ್ಕೆ ಸಾಲದು. ತೀರ್ಮಾನಕ್ಕೆ ನಾನು ಮಾಡುವ ಕೆಲಸ ಇದು. ವಾಕ್ಯದಿಂದ ಭಾವದ ಪದಗಳನ್ನೆಲ್ಲ ಕಿತ್ತು, ನಡೆದ ಸಂಗತಿಯನ್ನು ಮಾತ್ರ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಪೊಲೀಸರು ಮಹಜರು ಬರೆಯುವ ಹಾಗೆ, ಒಣಗಿದ ವಾಕ್ಯದಲ್ಲಿ. ಆಮೇಲೆ ಸಂಗತಿಯನ್ನೂ ಭಾವವನ್ನೂ ಎದುರುಬದುರು ಇಟ್ಟು ನೋಡುತ್ತೇನೆ. ಸಂಗತಿ ಕೆಟ್ಟದ್ದಾಗಿ ಭಾವ ಸಿಹಿಯಾಗಿದ್ದರೆ ಸಂಶಯ ಗಟ್ಟಿಯಾಗುತ್ತದೆ. ಸಂಗತಿ ಒಳ್ಳೆಯದೇ ಆಗಿದ್ದರೆ "ಪಾಪ" ಅನ್ನುವುದು ನಿಜವಾದ ಕರುಣೆಯೇ. "ಪಾಪ, ಮಳೆಯಲ್ಲಿ ನೆನೆದುಕೊಂಡು ಬಂದು ಸರಿ ಮಾಡಿಕೊಟ್ಟ ಹುಡುಗ" ಅನ್ನುವುದರಲ್ಲಿ ಕೊಂಕು ಹುಡುಕುವವರಿಗೆ ಏನು ಹೇಳುವುದು.

ಎರಡನೇ ಪರೀಕ್ಷೆ: ಅನುಮಾನದ ಪದ ತೆಗೆದು ಓದಿ. "ಪಾರ್ಟ್ ಇಲ್ವಂತೆ" ಅನ್ನುವುದನ್ನು "ಪಾರ್ಟ್ ಇಲ್ಲ" ಅಂತ ಮಾಡಿ. ಅರ್ಥ ಅದೇ ಉಳಿದು ದನಿ ಮಾತ್ರ ತಣ್ಣಗಾದರೆ, ಆ ದನಿ ಆ ಪ್ರತ್ಯಯದ ಮೇಲೇ ನಿಂತಿತ್ತು ಅಂತ ಗೊತ್ತಾಗುತ್ತದೆ. ಅನುವಾದದಲ್ಲಿ ಅದಕ್ಕೆ ಬದಲಿ ಹುಡುಕಲೇಬೇಕು.

ಮೂರನೆಯದು, ಪಕ್ಕದ ವಾಕ್ಯ ನೋಡುವುದು. ಕೊಂಕು ಆಡುವವರು ಒಂದಕ್ಕೇ ನಿಲ್ಲಿಸುವುದು ಕಡಿಮೆ. ಐದು ವಾಕ್ಯದಲ್ಲಿ ಒಂದೇ ಒಂದು ಕಡೆ ಅನುಮಾನ ಬಂದು, ಉಳಿದ ನಾಲ್ಕು ನೇರವಾಗಿದ್ದರೆ ನಾನು ನೇರ ಅರ್ಥದ ಕಡೆಗೇ ವಾಲುತ್ತೇನೆ.

ಒಂದು ಉದಾಹರಣೆ ಪೂರ್ತಿ ಬಿಡಿಸಿ ತೋರಿಸ್ತೀರಾ?

ನಾನು ಎಡವಿದ ಆ ಫೀಡ್‌ಬ್ಯಾಕನ್ನೇ ತೆಗೆದುಕೊಳ್ಳೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ದನಿ ಹಾಗೇ ಇದೆ.

"ನಿಮ್ಮ ಸರ್ವೀಸ್ ಬಗ್ಗೆ ಏನು ಹೇಳೋದು ಸ್ವಾಮಿ. ಬೆಳಗ್ಗೆ ಹತ್ತಕ್ಕೆ ಬರ್ತೀನಿ ಅಂದೋರು ಸಂಜೆ ಆರೂವರೆಗೆ ದಯಮಾಡಿಸಿದರು. ಪಾಪ, ಎರಡು ನಿಮಿಷ ನೋಡಿದರು. ಪಾರ್ಟ್ ಇಲ್ವಂತೆ. ನಾಳೆ ತರ್ತಾರಂತೆ. ನಮಗೇನು ಕೆಲಸ, ಇನ್ನೊಂದು ದಿನ ರಜೆ ಹಾಕಿದರಾಯ್ತು. ಐದು ಸ್ಟಾರ್ ಕೊಟ್ಟಿದ್ದೀನಿ, ಇಟ್ಕೊಳ್ಳಿ."

ಇವತ್ತು ಇದನ್ನು ಓದಿದರೆ ಯಾರಿಗಾದರೂ ನಗು ಬರುತ್ತದೆ. ಆವತ್ತು ನನ್ನ ಎದುರು ಇಂಥವು ನೂರಾರು ಇದ್ದವು. ಪ್ರತಿಯೊಂದರ ಪಕ್ಕದಲ್ಲೂ ಸ್ಟಾರ್ ಎಷ್ಟು ಅನ್ನುವ ಅಂಕಣ ಇತ್ತು. ಐದು ಅಂತ ಕಂಡ ತಕ್ಷಣ ತಲೆಯಲ್ಲಿ ಮೆಚ್ಚುಗೆ ಅಂತ ಕೂತುಬಿಟ್ಟಿತು. ಆಮೇಲೆ ಓದಿದ್ದೆಲ್ಲ ಆ ಬಣ್ಣದಲ್ಲೇ ಕಂಡಿತು. ಅವತ್ತಿನಿಂದ ಸ್ಟಾರಿನ ಅಂಕಣವನ್ನು ಮರೆಮಾಡಿಟ್ಟು ಓದುತ್ತೇನೆ, ತೀರ್ಮಾನ ಆದ ಮೇಲೇ ತೆರೆಯುತ್ತೇನೆ.

ಈಗ ಮಹಜರು ಬರೆಯೋಣ. ಹತ್ತು ಗಂಟೆಗೆ ಬರಬೇಕಿದ್ದ ವ್ಯಕ್ತಿ ಎಂಟೂವರೆ ಗಂಟೆ ತಡವಾಗಿ ಬಂದ. ಎರಡು ನಿಮಿಷ ನೋಡಿದ. ಬಿಡಿಭಾಗ ತಂದಿರಲಿಲ್ಲ. ರಿಪೇರಿ ಆಗಲಿಲ್ಲ. ಗ್ರಾಹಕರು ಒಂದು ದಿನದ ರಜೆ ಕಳೆದುಕೊಂಡರು, ಇನ್ನೊಂದು ಕಳೆದುಕೊಳ್ಳಲಿದ್ದಾರೆ. ಇಷ್ಟು ಬರೆದರೆ ಮುಗಿಯಿತು, ಇದರಲ್ಲಿ ಮೆಚ್ಚುವಂಥದ್ದು ಒಂದೂ ಇಲ್ಲ.

ಈಗ ಪ್ರತಿ ವಾಕ್ಯದ ದನಿ ಎಲ್ಲಿ ಕೂತಿದೆ ನೋಡಿ. "ಏನು ಹೇಳೋದು" ಅನ್ನುವುದು ಎರಡೂ ಕಡೆ ಹೋಗುವ ಮಾತು. ನಿಜವಾಗಿ ಮೆಚ್ಚಿದವರೂ ಹಾಗೆ ಶುರು ಮಾಡುತ್ತಾರೆ, ಹಾಗಾಗಿ ಅದನ್ನು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪಕ್ಕಕ್ಕಿಟ್ಟೆ. "ದಯಮಾಡಿಸಿದರು" ಸ್ಪಷ್ಟ. ಅದಕ್ಕಿಂತ ಮೊದಲೇ ಎರಡು ಗಡಿಯಾರದ ಹೊತ್ತುಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆ, ಅದು ಅಂಕಿಯಲ್ಲೇ ಚುಚ್ಚುವುದು. "ಪಾಪ" ಬಂದಿರುವುದು ಎರಡು ನಿಮಿಷದ ಕೆಲಸಕ್ಕೆ, ಅಂದರೆ ಕರುಣೆಗೆ ಕಾರಣವೇ ಇಲ್ಲ. ಆಮೇಲೆ ಸಾಲಾಗಿ ಎರಡು "ಅಂತೆ". "ನಮಗೇನು ಕೆಲಸ" ಉತ್ತರ ಬೇಡದ ಪ್ರಶ್ನೆ. ಕೊನೆಗೆ "ಇಟ್ಕೊಳ್ಳಿ". ಉಡುಗೊರೆ ಕೊಡುವವರು "ತಗೊಳ್ಳಿ" ಅನ್ನುತ್ತಾರೆ. "ಇಟ್ಕೊಳ್ಳಿ" ಅಂದರೆ ಮುಖಕ್ಕೆ ಎಸೆದ ಹಾಗೆ. ಈ ಒಂದು ಕ್ರಿಯಾಪದ ನೋಡಿದ್ದರೆ ಸಾಕಿತ್ತು ನನಗೆ.

ಸರಿ, ಹಿಡಿದಾಯ್ತು. ಇಂಗ್ಲಿಷಿಗೆ ಹೇಗೆ ದಾಟಿಸೋದು?

ಅದೇ ಜಾಗದಲ್ಲಿ ದಾಟಿಸಲು ಹೋಗಬೇಡಿ. "ದಯಮಾಡಿಸಿದರು" ಅನ್ನುವುದನ್ನು ನಾನು ಮೊದಲು 'ಕೈಂಡ್ಲಿ ಕೇಮ್' ಅಂತ ಬರೆದಿದ್ದೆ. ಇಂಗ್ಲಿಷ್ ಓದುವವರಿಗೆ ಅದು ಮರ್ಯಾದೆಯಾಗಿ ಮಾತ್ರ ಕೇಳಿಸಿತು, ಕುಹಕ ಕೇಳಿಸಲಿಲ್ಲ. ಇಂಗ್ಲಿಷಿನಲ್ಲಿ ಕಾದು ಬೇಸತ್ತವರು ಆಡುವ ಮಾತು ಬೇರೆಯೇ ಇದೆ: 'ಫೈನಲಿ ಗ್ರೇಸ್ಡ್ ಅಸ್ ವಿತ್ ಹಿಸ್ ಪ್ರೆಸೆನ್ಸ್'. ಇದರಲ್ಲಿ 'ಫೈನಲಿ' ಅನ್ನುವುದು ಮೂಲದಲ್ಲಿಲ್ಲ. ಆದರೆ ಹತ್ತು ಮತ್ತು ಆರೂವರೆ ಅಕ್ಕಪಕ್ಕ ನಿಂತು ಮಾಡಿದ ಕೆಲಸವನ್ನು ಅದು ಮಾಡುತ್ತದೆ.

"ಪಾಪ" ಇನ್ನೂ ತಮಾಷೆ. ಅದಕ್ಕೆ 'ಪೂರ್ ಮ್ಯಾನ್' ಅಂದರೆ ಕೆಟ್ಟಿತು, ಓದುವವರು ಆ ಮೆಕ್ಯಾನಿಕ್‌ಗೆ ಏನೋ ಆಯ್ತು ಅಂದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಈ ಕೊಂಕು ಸಂಖ್ಯೆಯ ಹಿಂದೆ ಕೂರುತ್ತದೆ: 'ಸ್ಪೆಂಟ್ ಆಲ್ ಆಫ್ ಟು ಮಿನಿಟ್ಸ್'. "ಪಾಪ" ಹೋಯಿತು, ಅದರ ದನಿ ಮೂರು ಪದ ಆಚೆ ಹೋಗಿ ನಿಂತಿತು. ಎರಡು "ಅಂತೆ"ಗೆ ಒಂದು 'ಅಪ್ಯಾರೆಂಟ್ಲಿ' ಸಾಕು, ಎರಡು ಹಾಕಿದರೆ ಬರೆದವರು ತೊದಲಿದ ಹಾಗೆ ಕಾಣುತ್ತದೆ. "ನಮಗೇನು ಕೆಲಸ"ಕ್ಕೆ 'ಇಟ್ಸ್ ನಾಟ್ ಆಸ್ ಇಫ್ ಐ ಹ್ಯಾವ್ ಎ ಜಾಬ್'. ಪ್ರಶ್ನೆ ಹೋಗಿ ನಿಷೇಧ ಬಂತು. "ಇಟ್ಕೊಳ್ಳಿ"ಗೆ 'ಹಿಯರ್, ಹ್ಯಾವ್ ಯುವರ್ ಫೈವ್ ಸ್ಟಾರ್ಸ್'. ಇಲ್ಲಿ ಎಸೆಯುವ ಕೆಲಸ ಮಾಡುತ್ತಿರುವುದು 'ಯುವರ್' ಅನ್ನುವ ಪುಟ್ಟ ಪದ.

ಲೆಕ್ಕ ಹಾಕಿದರೆ ಮೂಲದಲ್ಲಿ ಆರು ಏಳು ಕಡೆ ಚುಚ್ಚಿದೆ, ಅನುವಾದದಲ್ಲಿ ಐದು ಕಡೆ. ಅಷ್ಟು ಸಾಕು. ಪ್ರತಿ ಪದಕ್ಕೂ ಪ್ರತಿಪದ ಕೊಡುವ ಹಠ ಬೇಡ. ಓದಿದವರಿಗೆ ಈ ಮನುಷ್ಯ ಎಷ್ಟು ರೇಗಿದ್ದಾನೆ ಅಂತ ಅದೇ ಮಟ್ಟದಲ್ಲಿ ಗೊತ್ತಾಗಬೇಕು. ಹಾಗೇ ಕಡಿಮೆ ರೇಗಿದವರನ್ನು ಜಾಸ್ತಿ ರೇಗಿಸಿ ತೋರಿಸುವುದೂ ತಪ್ಪೇ.

ಕುಹಕ ಬಿಟ್ಟು, ನೇರ ದೂರಾಗಿ ಅನುವಾದ ಮಾಡಿಬಿಟ್ಟರೆ ಆಗಲ್ವಾ?

ಯಾರು ಓದುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ದೂರನ್ನು ದಾಖಲು ಮಾಡುವ ವಿಭಾಗಕ್ಕೆ ಹೋಗುವುದಾದರೆ ಆಗುತ್ತದೆ. "ಎಂಟೂವರೆ ಗಂಟೆ ತಡ, ರಿಪೇರಿ ಆಗಿಲ್ಲ, ಗ್ರಾಹಕರಿಗೆ ಅಸಮಾಧಾನ" ಅಂತ ಇದ್ದರೆ ಅವರಿಗೆ ಅನುಕೂಲವೇ. ಆದರೆ ಗ್ರಾಹಕರಿಗೆ ಉತ್ತರ ಬರೆಯುವವರಿಗೆ ಹೋಗುವುದಾದರೆ ದನಿ ಇರಬೇಕು. ಕುಹಕದಿಂದ ಬರೆದವರಿಗೆ "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂತ ಉತ್ತರ ಹೋದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಕೋರ್ಟಿಗೆ ಹೋಗುವ ಕಾಗದವಾದರೆ ನಾನು ಎರಡನ್ನೂ ಮಾಡುತ್ತೇನೆ. ಮಾತನ್ನು ಆದಷ್ಟು ಹತ್ತಿರವಾಗಿ ಅನುವಾದಿಸಿ, ಕೆಳಗೆ ಅನುವಾದಕರ ಟಿಪ್ಪಣಿಯಲ್ಲಿ ಇದು ಯಾಕೆ ವ್ಯಂಗ್ಯ ಅಂತ ಕಾರಣ ಸಮೇತ ಬರೆಯುತ್ತೇನೆ. ಅಲ್ಲಿ ಜಾಣತನ ತೋರಿಸುವ ಹಕ್ಕು ನಮಗಿಲ್ಲ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ?

ಅಲ್ಲಿ ಉಲ್ಟಾ ತೊಂದರೆ. ಇಂಗ್ಲಿಷ್ ಬರಹದಲ್ಲಿ ವ್ಯಂಗ್ಯಕ್ಕೆ ಗುರುತು ಇನ್ನೂ ಕಡಿಮೆ. 'ವೆಲ್, ದಟ್ ವೆಂಟ್ ವೆಲ್' ಅನ್ನುವ ವಾಕ್ಯದಲ್ಲಿ ಹಿಡಿದುಕೊಳ್ಳಲು ಪ್ರತ್ಯಯ ಇಲ್ಲ, ಬಹುವಚನ ಇಲ್ಲ. ಹಿಂದಿನ ಸಾಲಿನಲ್ಲಿ ಏನಾಯಿತು ಅನ್ನುವುದೊಂದೇ ದಾರಿ. ಕನ್ನಡಕ್ಕೆ ಬಂದಾಗ ನಾವೇ ಗುರುತು ಸೇರಿಸಬೇಕು: "ಚೆನ್ನಾಗೇ ಆಯ್ತು ಬಿಡಿ." ಒಂದು ಒತ್ತು, ಒಂದು "ಬಿಡಿ". 'ಥ್ಯಾಂಕ್ಸ್ ಫಾರ್ ನಥಿಂಗ್' ಅನ್ನುವುದಕ್ಕೆ "ಏನೂ ಇಲ್ಲದ್ದಕ್ಕೆ ಧನ್ಯವಾದ" ಅಂತ ಬರೆದಿರುವುದನ್ನು ನೋಡಿದ್ದೇನೆ. ಅದು ಕನ್ನಡವೇ ಅಲ್ಲ. "ಭಾರಿ ಉಪಕಾರ ಮಾಡಿದಿರಿ" ಅನ್ನಿ, ಮುಗಿಯಿತು.

ಇನ್ನೊಂದು ಹಳ್ಳ ಇದೆ. ಇಂಗ್ಲಿಷಿನಲ್ಲಿ ಮಾತು ಮಾತಿಗೂ 'ಥ್ಯಾಂಕ್ ಯೂ' ಬರುತ್ತದೆ, ಮನಸ್ಸಿನಿಂದಲೇ ಬರುತ್ತದೆ. ನಮ್ಮ ಮನೆಗಳಲ್ಲಿ ಕಾಫಿ ತಂದುಕೊಟ್ಟ ಅಮ್ಮನಿಗೆ ಮಗ "ಧನ್ಯವಾದಗಳು" ಅಂದರೆ ಆಕೆ ಮುಖ ನೋಡುತ್ತಾಳೆ, "ಏನೋ ಇವತ್ತು ನಿನ್ನ ಕೊಬ್ಬು" ಅಂತ. ಅಂದರೆ ಮೂಲದಲ್ಲಿ ಇಲ್ಲದ ವ್ಯಂಗ್ಯ ಅನುವಾದದಲ್ಲಿ ಹುಟ್ಟಿಕೊಳ್ಳುತ್ತದೆ. ಸಂಭಾಷಣೆ ಅನುವಾದಿಸುವಾಗ ಮನೆಯೊಳಗಿನ 'ಥ್ಯಾಂಕ್ ಯೂ'ಗಳನ್ನು ನಾನು ಅರ್ಧಕ್ಕರ್ಧ ಬಿಟ್ಟೇ ಬಿಡುತ್ತೇನೆ. ಅಥವಾ "ಥ್ಯಾಂಕ್ಸ್ ಅಮ್ಮಾ" ಅಂತ ಹಾಗೇ ಇಡುತ್ತೇನೆ. ಈಗಿನ ಹುಡುಗರು ಹಾಗೇ ಅನ್ನುವುದು.

ಇಮೋಜಿ, ಉದ್ಧರಣ ಚಿಹ್ನೆ, /s ಇವನ್ನು ನಂಬಬಹುದಾ?

ಇದ್ದರೆ ಸಹಾಯ, ಇಲ್ಲದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಬರಹದಲ್ಲಿ ದನಿ ಗುರುತಿಸುವ ಹಂಬಲ ಹಳೆಯದು. ಫ್ರಾನ್ಸಿನಲ್ಲಿ ಅಲ್ಕಾಂಟರ್ ದ ಬ್ರಾಮ್ ಅನ್ನುವ ಕವಿ 1899ರಲ್ಲೇ ವ್ಯಂಗ್ಯಕ್ಕೆ ಅಂತ ಒಂದು ವಿರಾಮ ಚಿಹ್ನೆ ಸೂಚಿಸಿದ್ದ. ಯಾರೂ ಬಳಸಲಿಲ್ಲ. 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್, ತಮಾಷೆಯ ಮಾತಿಗೆ :-) ಹಾಕಿ ಅಂತ ಸೂಚಿಸಿದರು. ಅದು ಮಾತ್ರ ಉಳಿಯಿತು, ಆದರೆ ಬೇರೆ ಸಾವಿರ ಕೆಲಸಕ್ಕೆ ಬಳಕೆಯಾಗಿ ಸವೆಯಿತು. ಇಂಗ್ಲಿಷ್ ಚರ್ಚೆಗಳಲ್ಲಿ ಕೊನೆಗೆ /s ಹಾಕಿದರೆ ಇದು ಕುಹಕ ಅಂತ ಅರ್ಥ. ಕನ್ನಡದಲ್ಲಿ ಬರೆಯುವವರು ಅದನ್ನು ಹಾಕುವುದು ನನಗಂತೂ ಕಂಡಿಲ್ಲ. ನಮ್ಮವರು ಕೈಮುಗಿಯುವ ಇಮೋಜಿ ಹಾಕುತ್ತಾರೆ. ಅದು ಭಕ್ತಿಗೂ ಬರುತ್ತದೆ, "ನಿಮಗೊಂದು ದೊಡ್ಡ ನಮಸ್ಕಾರ, ಸಾಕು ಬಿಡಿ" ಅನ್ನುವುದಕ್ಕೂ ಬರುತ್ತದೆ. ಹಾಗಾಗಿ ಮತ್ತೆ ಸಂಗತಿಗೇ ವಾಪಸ್ ಬರಬೇಕು.

ಉದ್ಧರಣ ಚಿಹ್ನೆ ಇನ್ನೂ ಮೋಸ. ಒಂದು ಪದಕ್ಕೆ ಉದ್ಧರಣ ಚಿಹ್ನೆ ಹಾಕಿದರೆ ಇಂಗ್ಲಿಷಿನವರಿಗೆ ಅದು ಅಣಕ. ನಮ್ಮ ಅಂಗಡಿ ಬೋರ್ಡುಗಳಲ್ಲಿ, ಮದುವೆ ಪತ್ರಿಕೆಗಳಲ್ಲಿ ಅದೇ ಚಿಹ್ನೆ ಬರೀ ಒತ್ತು ಕೊಡಲು. ಬೋರ್ಡಿನಲ್ಲಿ ಉದ್ಧರಣ ಚಿಹ್ನೆಯೊಳಗೆ ತಾಜಾ ಹಾಲು ಅಂತ ಬರೆದವರು ಹಾಲಿನ ಬಗ್ಗೆ ಅನುಮಾನ ಪಡುತ್ತಿಲ್ಲ. ಇಂಗ್ಲಿಷಿಗೆ ಹೋಗುವಾಗ ಆ ಚಿಹ್ನೆಯನ್ನು ತೆಗೆಯಿರಿ.

ಊರಿಂದ ಊರಿಗೆ ವ್ಯತ್ಯಾಸ ಆಗುತ್ತಾ?

ಆಗುತ್ತದೆ, ಮತ್ತೆ ನಾವು ಜಾಸ್ತಿ ಎಡವುವುದು ಬೇರೆ ಊರಿನ ಕನ್ನಡದಲ್ಲೇ. ಮಂಗಳೂರು ಕಡೆಯವರ "ಮಾರಾಯ್ರೆ" ಆತ್ಮೀಯತೆ. ಮೈಸೂರಿನ ಕಿವಿಗೆ "ಮಹರಾಯ" ಅಂದರೆ ಸ್ವಲ್ಪ ರೇಗಿದ ಹಾಗೆ. ಧಾರವಾಡದ ಕಡೆಯ ನೇರ ಮಾತು ಬೆಂಗಳೂರಿನವರಿಗೆ ಸಿಟ್ಟಿನಂತೆ ಕೇಳಿಸುತ್ತದೆ, ಅವರಿಗೆ ಅದು ದಿನದ ಮಾತು. ಹಾಗಾಗಿ ಬರಹ ಯಾವ ಕಡೆಯದು ಅಂತ ಮೊದಲು ನೋಡಿ. ಆ ಕಡೆಯ ಗೆಳೆಯರು ಒಬ್ಬರು ಇದ್ದರೆ ಫೋನ್ ಮಾಡಿ, ಓದಿ ಹೇಳಿ. ಆದರೆ ನೀವು ಕುಹಕದ ದನಿಯಲ್ಲಿ ಓದಿಬಿಟ್ಟರೆ ಅವರೂ ಕುಹಕ ಅಂತಲೇ ಅನ್ನುತ್ತಾರೆ. ವಾಟ್ಸಾಪಿನಲ್ಲಿ ಕಳಿಸುವುದು ವಾಸಿ.

ಸಾಫ್ಟ್‌ವೇರ್ ಹಿಡಿದುಕೊಡಲ್ವಾ?

ಇಂಗ್ಲಿಷಿಗೆ ಪ್ರಯತ್ನ ಬಹಳ ಆಗಿದೆ. 2013ರಲ್ಲಿ ಎಲೆನ್ ರಿಲಾಫ್ ಮತ್ತು ಜೊತೆಗಾರರು ಒಂದು ಸರಳ ಗುರುತು ತೋರಿಸಿದರು. ಸಿಹಿ ಪದದ ಪಕ್ಕದಲ್ಲಿ ಕಹಿ ಸಂಗತಿ ಬಂದರೆ ವ್ಯಂಗ್ಯ ಇರಬಹುದು ಅಂತ. 'ಐ ಲವ್ ಬೀಯಿಂಗ್ ಇಗ್ನೋರ್ಡ್' ಅನ್ನುವ ಹಾಗೆ. ಮೇಲೆ ನಾನು ಹೇಳಿದ ಮಹಜರು ಪರೀಕ್ಷೆಯೂ ಇದೇ ಅಲ್ವಾ? ಆದರೆ ನಮ್ಮ ಫೀಡ್‌ಬ್ಯಾಕಿನಲ್ಲಿ ಸಿಹಿ ಪದ ಯಾವುದು? "ಚೆನ್ನಾಗಿದೆ", "ಇಷ್ಟವಾಯಿತು" ಒಂದೂ ಇಲ್ಲ. ಇರುವುದು ಒಂದು ಮರ್ಯಾದೆಯ ಕ್ರಿಯಾಪದ, ಎರಡು ಪ್ರತ್ಯಯ. ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ ಇಂಥ ಕೆಲಸಕ್ಕೆ ಬೇಕಾದ ಉದಾಹರಣೆಗಳು ರಾಶಿ ಸಿಗುವುದಕ್ಕೆ ಕಾರಣ, ಬರೆದವರೇ /s ಅಥವಾ ಸಾರ್ಕಾಸಂ ಅನ್ನುವ ಹ್ಯಾಶ್‌ಟ್ಯಾಗ್ ಹಾಕಿರುತ್ತಾರೆ. ಕನ್ನಡದಲ್ಲಿ ಗುರುತು ಹಾಕಿ ಕುಹಕ ಆಡುವವರು ಯಾರಿದ್ದಾರೆ? ಗುರುತು ಹಾಕಿದರೆ ಮಜಾನೇ ಹೋಯ್ತು ಅನ್ನುವವರು ನಾವು.

ಎಷ್ಟು ನೋಡಿದರೂ ತೀರ್ಮಾನ ಆಗದಿದ್ದರೆ?

ಬರೆದವರನ್ನು ಕೇಳಲು ಸಾಧ್ಯವಿದ್ದರೆ ಕೇಳಿ. "ನೀವು ವ್ಯಂಗ್ಯವಾಗಿ ಹೇಳಿದ್ದಾ?" ಅಂತ ಕೇಳಿದರೆ ಮುಜುಗರವಾಗುತ್ತದೆ. "ಆಮೇಲೆ ರಿಪೇರಿ ಆಯ್ತಾ?" ಅಂತ ಕೇಳಿ, ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ. ಕೇಳಲು ಆಗದಿದ್ದರೆ ಎರಡೂ ಕಡೆ ಓದಿಸಿಕೊಳ್ಳುವ ವಾಕ್ಯ ಬರೆದು, ಪಕ್ಕದಲ್ಲಿ "ದನಿ ಖಚಿತವಿಲ್ಲ" ಅಂತ ಗುರುತು ಮಾಡಿ. "ಏನು ಹೇಳೋದು ಸ್ವಾಮಿ" ಅನ್ನುವುದಕ್ಕೆ 'ವಾಟ್ ಕ್ಯಾನ್ ಐ ಸೇ' ಹಾಗೇ ಹೊಂದುತ್ತದೆ, ಅಲ್ಲೂ ಅದು ಎರಡೂ ಕಡೆ ಹೋಗುವ ಮಾತು. ಇಂಥ ಅದೃಷ್ಟ ಯಾವಾಗಲೂ ಇರುವುದಿಲ್ಲ.

"ಮಂಗಳಾರತಿ", "ಮಾವನ ಮನೆ" ಇಂಥವೂ ವ್ಯಂಗ್ಯದ ಲೆಕ್ಕಕ್ಕೆ ಬರುತ್ತಾ?

ಹುಟ್ಟಿದಾಗ ವ್ಯಂಗ್ಯವೇ, ಈಗ ಬರೀ ಪದ. "ಬಾಸ್ ಮಂಗಳಾರತಿ ಮಾಡಿದ್ರು" ಅಂದರೆ ಬೈದರು ಅಂತ ಅಷ್ಟೇ. ಹೇಳಿದವರು ಆ ಕ್ಷಣದಲ್ಲಿ ಕುಹಕ ಆಡುತ್ತಿಲ್ಲ, ದಿನದ ಮಾತು ಆಡುತ್ತಿದ್ದಾರೆ. "ಸಹಸ್ರನಾಮಾರ್ಚನೆ" ಬೈಗುಳದ ಸುರಿಮಳೆ, "ಮಾವನ ಮನೆ" ಜೈಲು, "ಪಂಗನಾಮ" ಮೋಸ. ಇವಕ್ಕೆ ಸಾದಾ ಪದ ಹಾಕಿ ಮುಂದೆ ಹೋಗಬಹುದು. ಸಂದರ್ಭ ಮಾತ್ರ ಒಂದು ಸಲ ನೋಡಿಕೊಳ್ಳಿ. ಒಬ್ಬ ಹೊಸ ಹುಡುಗ ಒಂದು ದೇವಸ್ಥಾನದ ನೋಟಿಸನ್ನು ಅನುವಾದಿಸಿ ತಂದಿದ್ದ. ಹಿಂದಿನ ವಾರ ನಾನು ಇದೇ ಪಾಠ ಹೇಳಿದ್ದೆ. ರಾತ್ರಿ ಎಂಟಕ್ಕೆ ಮಹಾಮಂಗಳಾರತಿ ಅನ್ನುವ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ: "ವ್ಯಂಗ್ಯ?"